809ರ ಹಿಂದಿನ ಕಥೆ: ಮನೆಯ ರೂಟರ್ ದಾಟದ ವಿಂಡೋಸ್ ವಿಪಿಎನ್

ವಿಂಡೋಸ್ ಕಂಪ್ಯೂಟರಿನೊಳಗೇ ಇರುವ ವಿಪಿಎನ್ ಬಳಸಿ ಮನೆಯಿಂದ ಕಚೇರಿಯ ಜಾಲಕ್ಕೆ ಸೇರಲು ಹೋದ ಅನೇಕರಿಗೆ 809 ಎಂಬ ದೋಷಸಂಖ್ಯೆ ಗೊತ್ತು. ಹೆಸರು, ಪಾಸ್‌ವರ್ಡ್ ಎಲ್ಲ ಸರಿಯಾಗಿರುತ್ತದೆ, ಇಂಟರ್ನೆಟ್ಟೂ ಓಡುತ್ತಿರುತ್ತದೆ. ಸ್ವಲ್ಪ ಹೊತ್ತು ಕಾದ ಮೇಲೆ ಸರ್ವರ್ ಉತ್ತರಿಸುತ್ತಿಲ್ಲ, ನಡುವಿನ ಫೈರ್‌ವಾಲ್, ನ್ಯಾಟ್ ಅಥವಾ ರೂಟರ್ ಕಾರಣವಿರಬಹುದು ಎಂಬ ಸಂದೇಶ ಬರುತ್ತದೆ. ಅದೇ ಲ್ಯಾಪ್‌ಟಾಪನ್ನು ರೂಟರ್ ಇಲ್ಲದೆ, ನೇರ ಸಾರ್ವಜನಿಕ ವಿಳಾಸ ಸಿಗುವ ಸಂಪರ್ಕಕ್ಕೆ ಜೋಡಿಸಿದರೆ ಕೆಲವೊಮ್ಮೆ ಕೂಡಲೇ ಕೆಲಸ ಮಾಡುತ್ತದೆ. ಹಾಗಾದರೆ ತಪ್ಪು ರೂಟರಿನದೇ?

ಪೂರ್ತಿ ಅಲ್ಲ. ಈ ಸಂಖ್ಯೆಯ ಹಿಂದೆ ಸುಮಾರು ಮೂವತ್ತು ವರ್ಷದ ಇತಿಹಾಸವಿದೆ. ಒಂದೇ ದಶಕದಲ್ಲಿ, ಒಂದೇ ಸಂಸ್ಥೆಯ ಆಶ್ರಯದಲ್ಲಿ ರೂಪುಗೊಂಡ ಎರಡು ತಂತ್ರಗಳು ಒಂದಕ್ಕೊಂದು ವಿರುದ್ಧವಾದ ನಂಬಿಕೆ ಇಟ್ಟುಕೊಂಡಿದ್ದವು. ಅವೆರಡೂ ಎದುರುಬದುರಾದದ್ದು ಸಾಮಾನ್ಯ ಜನರ ಮನೆಯ ಮೂಲೆಯಲ್ಲಿ ಮಿಣುಕುವ ಪುಟ್ಟ ಪೆಟ್ಟಿಗೆಯಲ್ಲಿ. ಆಮೇಲೆ ಪರಿಹಾರ ಬಂತು. ಆದರೆ 2004ರಲ್ಲಿ ಆ ಪರಿಹಾರದ ಅರ್ಧ ಭಾಗಕ್ಕೆ ಬೀಗ ಬಿತ್ತು. ಆ ಬೀಗ ಇಂದಿಗೂ ಹಾಗೇ ಇದೆ. ಈ ಬರಹದಲ್ಲಿ ನಾವು ಹೇಳಹೊರಟಿರುವುದು ಆ ಬೀಗದ ಕಥೆ.

ವಠಾರಕ್ಕೆ ಒಂದೇ ವಿಳಾಸ

1990ರ ದಶಕದ ಆರಂಭಕ್ಕೇ ಇಂಟರ್ನೆಟ್ಟಿನ ಐಪಿ ವಿಳಾಸಗಳು ಮುಗಿದುಹೋಗುತ್ತವೆ ಎಂಬ ಆತಂಕ ಹುಟ್ಟಿತ್ತು. ಅದಕ್ಕೊಂದು ಉಪಾಯವನ್ನು ಕೆಲ್ಡ್ ಎಗೆವಾಂಗ್ ಮತ್ತು ಪಾಲ್ ಫ್ರಾನ್ಸಿಸ್ ಎಂಬ ಇಬ್ಬರು 1994ರ ಮೇ ತಿಂಗಳಲ್ಲಿ ಆರ್‌ಎಫ್‌ಸಿ 1631 ಎಂಬ ದಾಖಲೆಯಲ್ಲಿ ವಿವರಿಸಿದರು. ಆರ್‌ಎಫ್‌ಸಿ ಎಂದರೆ ಇಂಟರ್ನೆಟ್ಟಿನ ನಿಯಮಗಳನ್ನು ಬರೆದಿಡುವ ಸಾರ್ವಜನಿಕ ದಾಖಲೆಗಳ ಸರಣಿ. ಅವರ ಉಪಾಯಕ್ಕೆ ನ್ಯಾಟ್ ಎಂದು ಹೆಸರು.

ಹತ್ತು ಮನೆಗಳ ಒಂದು ವಠಾರ ಎಂದುಕೊಳ್ಳಿ. ಹೊರಗಿನ ಲೋಕಕ್ಕೆ ಗೊತ್ತಿರುವುದು ವಠಾರದ ಒಂದೇ ವಿಳಾಸ. ಒಳಗಿನವರು ಕಾಗದ ಬರೆದರೆ ಗೇಟಿನ ಕಾವಲುಗಾರ ಲಕೋಟೆಯ ಮೇಲಿನ 'ಇಂದ' ವಿಳಾಸ ಅಳಿಸಿ ವಠಾರದ ವಿಳಾಸ ಬರೆಯುತ್ತಾನೆ. ಯಾರ ಕಾಗದ ಎಂಬುದು ಮರೆಯದಿರಲು ಲಕೋಟೆಯ ಮೇಲೆ ಒಂದು ಸಂಖ್ಯೆ ಹಾಕಿ, ಅದನ್ನೇ ತನ್ನ ಪುಸ್ತಕದಲ್ಲೂ ಬರೆದುಕೊಳ್ಳುತ್ತಾನೆ. ಉತ್ತರ ಬಂದಾಗ ಆ ಸಂಖ್ಯೆ ನೋಡಿ ಸರಿಯಾದ ಮನೆಗೆ ಮುಟ್ಟಿಸುತ್ತಾನೆ. ಕಂಪ್ಯೂಟರ್ ಜಾಲದಲ್ಲಿ ಆ ಸಂಖ್ಯೆಗೆ ಪೋರ್ಟ್ ಎನ್ನುತ್ತಾರೆ. ಮನೆಯ ರೂಟರ್ ಮಾಡುವುದು ಈ ಕಾವಲುಗಾರನ ಕೆಲಸವನ್ನೇ.

ಎಗೆವಾಂಗ್ ಮತ್ತು ಫ್ರಾನ್ಸಿಸ್ ಇದನ್ನು ಶಾಶ್ವತ ಪರಿಹಾರ ಎಂದು ಹೇಳಿರಲಿಲ್ಲ. ದೀರ್ಘಕಾಲದ ಪರಿಹಾರ ಬರುವ ತನಕದ ತಾತ್ಕಾಲಿಕ ಏರ್ಪಾಡು ಎಂದೇ ಬರೆದಿದ್ದರು. ಇನ್ನೊಂದು ಎಚ್ಚರಿಕೆಯನ್ನೂ ಕೊಟ್ಟಿದ್ದರು. ಐಪಿ ವಿಳಾಸವನ್ನಾಗಲಿ, ಆ ವಿಳಾಸದಿಂದ ಲೆಕ್ಕಹಾಕಿದ ಯಾವುದನ್ನಾಗಲಿ ಗೂಢಲಿಪಿಯಲ್ಲಿ ಮುಚ್ಚಿದರೆ ನ್ಯಾಟ್ ಕೆಲಸ ಮಾಡುವುದಿಲ್ಲ, ಹಾಗಾಗಿ ಭದ್ರತೆಯ ದಾರಿಗಳು ಕಡಿಮೆಯಾಗುತ್ತವೆ ಎಂಬುದು ಅದರ ಸಾರ. ಮುಂದೆ ಆದದ್ದೆಲ್ಲವೂ ಆ ಒಂದು ಮಾತಿನಲ್ಲೇ ಇತ್ತು.

ಮೊಹರು ಒತ್ತಿದ ಲಕೋಟೆ

ಮರುವರ್ಷ, 1995ರ ಆಗಸ್ಟಿನಲ್ಲಿ, ಐಪಿಸೆಕ್‌ನ ಮೊದಲ ದಾಖಲೆಗಳು ಹೊರಬಂದವು. 1998ರ ನವೆಂಬರಿನಲ್ಲಿ ಪರಿಷ್ಕೃತ ರೂಪ ಬಂತು. ಇಂಟರ್ನೆಟ್ಟಿನಲ್ಲಿ ಹೋಗುವ ಪ್ರತಿ ಪೊಟ್ಟಣಕ್ಕೂ ಬೀಗ ಮತ್ತು ಮೊಹರು ಹಾಕುವುದು ಇದರ ಉದ್ದೇಶ. ಕಳಿಸಿದವರ ವಿಳಾಸ ದಾರಿಯಲ್ಲಿ ಬದಲಾಗಬಾರದು, ಬದಲಾದರೆ ಅದು ವಂಚನೆ ಎಂಬ ನಂಬಿಕೆಯ ಮೇಲೆ ಐಪಿಸೆಕ್ ನಿಂತಿತ್ತು. ನ್ಯಾಟ್ ಮಾಡುವುದೇ ವಿಳಾಸ ಬದಲಿಸುವ ಕೆಲಸ.

ಐಪಿಸೆಕ್‌ನಲ್ಲಿ ಎರಡು ಬಗೆಯ ಲಕೋಟೆಗಳಿವೆ. ಎಎಚ್ ಎಂಬುದು ವಿಳಾಸದ ಮೇಲೂ ಮೊಹರು ಒತ್ತುತ್ತದೆ. ಕಾವಲುಗಾರ ವಿಳಾಸ ತಿದ್ದಿದ ಕ್ಷಣ ಮೊಹರು ಒಡೆಯುತ್ತದೆ, ಆ ಕಡೆಯವರು ಕಾಗದ ಬಿಸಾಡುತ್ತಾರೆ. ಇದಕ್ಕೆ ಪರಿಹಾರವೇ ಇಲ್ಲ. ಇಎಸ್‌ಪಿ ಎಂಬುದು ಒಳಗಿನ ವಸ್ತುವಿಗಷ್ಟೇ ಬೀಗ ಹಾಕುತ್ತದೆ, ಹೊರಗಿನ ವಿಳಾಸವನ್ನು ಮುಟ್ಟುವುದಿಲ್ಲ. ವಿಪಿಎನ್‌ಗಳು ಬಳಸುವುದು ಹೆಚ್ಚಾಗಿ ಇದನ್ನೇ. ಹಾಗಾದರೆ ಇದು ದಾಟಬೇಕಲ್ಲ?

ದಾಟುವುದಿಲ್ಲ. ಇಎಸ್‌ಪಿ ಲಕೋಟೆಯ ಮೇಲೆ ಪೋರ್ಟ್ ಸಂಖ್ಯೆಯೇ ಇಲ್ಲ. ಅದು ಟಿಸಿಪಿಯೂ ಅಲ್ಲ, ಯುಡಿಪಿಯೂ ಅಲ್ಲ, 50 ಎಂಬ ತನ್ನದೇ ಕ್ರಮಾಂಕದ ಬೇರೊಂದು ಜಾತಿ. ಪೋರ್ಟುಗಳು ಬೀಗದ ಒಳಗೆ ಸೇರಿಹೋಗಿರುತ್ತವೆ. ಕಾವಲುಗಾರನ ಪುಸ್ತಕದಲ್ಲಿ ಬರೆದುಕೊಳ್ಳಲು ಏನೂ ಸಿಗುವುದಿಲ್ಲ. ಲಕೋಟೆಯ ಮೇಲೆ ಎಸ್‌ಪಿಐ ಎಂಬ ಒಂದು ಗುರುತು ಇರುತ್ತದೆ ನಿಜ. ಆದರೆ ಹೋಗುವ ದಿಕ್ಕಿಗೆ ಒಂದು ಗುರುತು, ಬರುವ ದಿಕ್ಕಿಗೆ ಇನ್ನೊಂದು. ಯಾವುದಕ್ಕೆ ಯಾವುದು ಜೋಡಿ ಎಂಬುದು ಗೂಢಲಿಪಿಯೊಳಗೇ ತೀರ್ಮಾನವಾಗಿರುವುದರಿಂದ ರೂಟರಿಗೆ ಅದು ತಿಳಿಯುವ ದಾರಿಯಿಲ್ಲ.

ಇನ್ನೊಂದು ತೊಡಕು ಒಳಗೇ ಇದೆ. ಟಿಸಿಪಿ ಮತ್ತು ಯುಡಿಪಿ ಪೊಟ್ಟಣಗಳಲ್ಲಿ ಚೆಕ್‌ಸಮ್ ಎಂಬ ಒಂದು ತಾಳೆಸಂಖ್ಯೆ ಇರುತ್ತದೆ, ಅದರ ಲೆಕ್ಕದಲ್ಲಿ ಐಪಿ ವಿಳಾಸವೂ ಸೇರಿರುತ್ತದೆ. ಸಾಮಾನ್ಯವಾಗಿ ನ್ಯಾಟ್ ವಿಳಾಸ ತಿದ್ದುವಾಗ ಈ ಸಂಖ್ಯೆಯನ್ನೂ ತಿದ್ದಿಬಿಡುತ್ತದೆ. ಬೀಗದ ಒಳಗಿದ್ದರೆ ತಿದ್ದಲಾಗದು. 1994ರ ಎಚ್ಚರಿಕೆ ಇದೇ.

ಒಂದೇ ಕಂಪನಿಯ ಎರಡು ಕೈ

ಇದು ಸಿದ್ಧಾಂತವಾಗಿ ಉಳಿಯದೆ ಜನರ ಸಮಸ್ಯೆಯಾದದ್ದು ವಿಂಡೋಸ್ ಮೂಲಕ. ಮೈಕ್ರೋಸಾಫ್ಟ್ 1999ರಲ್ಲಿ ವಿಂಡೋಸ್ 98ರ ಎರಡನೇ ಆವೃತ್ತಿಯೊಂದಿಗೆ ಇಂಟರ್ನೆಟ್ ಹಂಚಿಕೊಳ್ಳುವ ಸೌಲಭ್ಯ ಕೊಟ್ಟಿತು. ಒಂದು ಸಂಪರ್ಕವನ್ನು ಮನೆಯ ಹಲವು ಕಂಪ್ಯೂಟರುಗಳು ಬಳಸುವ ಈ ಸೌಲಭ್ಯ ನಡೆಯುತ್ತಿದ್ದುದು ನ್ಯಾಟ್‌ನಿಂದಲೇ. ಅದೇ ಹೊತ್ತಿಗೆ ಅಮೆರಿಕದ ಮನೆಗಳಿಗೆ ಕೇಬಲ್ ಮತ್ತು ಡಿಎಸ್‌ಎಲ್ ಸಂಪರ್ಕ ಬರುತ್ತಿತ್ತು, ಲಿಂಕ್‌ಸಿಸ್‌ನಂಥ ಕಂಪನಿಗಳ ಅಗ್ಗದ ರೂಟರುಗಳು ಅಂಗಡಿಗಳಿಗೆ ಬಂದಿದ್ದವು.

2000ದ ಫೆಬ್ರವರಿಯಲ್ಲಿ ವಿಂಡೋಸ್ 2000 ಬಂತು. ಅದರಲ್ಲಿ ಎಲ್‌ಟುಟಿಪಿ ಮತ್ತು ಐಪಿಸೆಕ್ ಸೇರಿದ ವಿಪಿಎನ್ ಕ್ಲೈಂಟ್ ಒಳಗೇ ಇತ್ತು. ಬೇರೆ ತಂತ್ರಾಂಶ ಕೊಳ್ಳಬೇಕಾಗಿರಲಿಲ್ಲ. ಹಳೆಯ ಪಿಪಿಟಿಪಿಗಿಂತ ಇದು ಎಷ್ಟೋ ಭದ್ರ. ಆದರೆ ನ್ಯಾಟ್ ದಾಟುವ ಶಕ್ತಿ ಅದಕ್ಕಿರಲಿಲ್ಲ. 2001ರ ಅಕ್ಟೋಬರಿನಲ್ಲಿ ಬಂದ ವಿಂಡೋಸ್ ಎಕ್ಸ್‌ಪಿಗೂ ಇರಲಿಲ್ಲ. ಅಂದರೆ ಮೈಕ್ರೋಸಾಫ್ಟಿನದೇ ಇಂಟರ್ನೆಟ್ ಹಂಚಿಕೆಯ ಹಿಂದೆ ಕೂತ ಕಂಪ್ಯೂಟರಿನಿಂದ ಮೈಕ್ರೋಸಾಫ್ಟಿನದೇ ಭದ್ರ ವಿಪಿಎನ್ ಕೂಡಿಬರುತ್ತಿರಲಿಲ್ಲ.

ಬಳಕೆದಾರನಿಗೆ ಇದು ಹೇಗೆ ಕಾಣುತ್ತಿತ್ತು ಎಂಬುದನ್ನು ಒಂದು ಉದಾಹರಣೆಯಿಂದ ನೋಡೋಣ. ಮನೆಯ ಕಂಪ್ಯೂಟರ್ 192.168.1.10, ರೂಟರಿನ ಹೊರವಿಳಾಸ 203.0.113.7, ಕಚೇರಿಯ ಸರ್ವರ್ 198.51.100.20 ಎಂದಿಟ್ಟುಕೊಳ್ಳಿ. ಕೊನೆಯ ಎರಡೂ ಇಂಥ ಬರವಣಿಗೆಗೆಂದೇ ಮೀಸಲಿಟ್ಟ ವಿಳಾಸಗಳು, ಯಾರದ್ದೂ ಅಲ್ಲ.

ಮೊದಲು ಎರಡೂ ಕಡೆಯವರು ಬೀಗದ ಕೈ ಒಪ್ಪಂದ ಮಾಡಿಕೊಳ್ಳಬೇಕು. ಆ ಮಾತುಕತೆಗೆ ಐಕೆಇ ಎಂದು ಹೆಸರು, ಅದು ನಡೆಯುವುದು ಯುಡಿಪಿ ಪೋರ್ಟ್ 500ರಲ್ಲಿ. ಯುಡಿಪಿ ಆದ್ದರಿಂದ ಕಾವಲುಗಾರನಿಗೆ ಬರೆದುಕೊಳ್ಳಲು ಸಂಖ್ಯೆ ಸಿಗುತ್ತದೆ. ಪೊಟ್ಟಣ ಹೋಗುತ್ತದೆ, ಉತ್ತರವೂ ಬರುತ್ತದೆ. ಇದರಿಂದಲೇ ಸಮಸ್ಯೆ ಗುರುತಿಸುವುದು ಕಷ್ಟವಾಗುತ್ತಿತ್ತು. ಮೊದಲ ಮಾತುಕತೆ ಸರಿಯಾಗಿ ನಡೆಯುವುದನ್ನು ನೋಡಿದವರು ರೂಟರ್ ಚೆನ್ನಾಗಿದೆ ಎಂದೇ ಭಾವಿಸುತ್ತಿದ್ದರು. ಆಮೇಲೆ ಕಂಪ್ಯೂಟರ್ ತನ್ನ ಗುರುತು 192.168.1.10 ಎಂದು ಹೇಳಿಕೊಳ್ಳುತ್ತದೆ, ಸರ್ವರಿಗೆ ಕಾಣುವುದು 203.0.113.7. ಇಲ್ಲಿ ಕೆಲವು ಸರ್ವರುಗಳು ನಿರಾಕರಿಸುತ್ತಿದ್ದವು. ಇದನ್ನು ದಾಟಿದರೂ ಮುಂದಿನ ಹೆಜ್ಜೆಯಲ್ಲಿ ಇಎಸ್‌ಪಿ ಪೊಟ್ಟಣ ಹೊರಡುತ್ತದೆ, ಕಾವಲುಗಾರ ಅದನ್ನು ಗೇಟಿನಲ್ಲೇ ಬಿಸಾಡುತ್ತಾನೆ, ಇಲ್ಲವೇ ಅದಕ್ಕೆ ಬಂದ ಉತ್ತರವನ್ನು ಯಾರಿಗೆ ಕೊಡಬೇಕೆಂದು ತಿಳಿಯದೆ ಕೈಬಿಡುತ್ತಾನೆ. ಎಕ್ಸ್‌ಪಿಯ ಪರದೆಯ ಮೇಲೆ ಭದ್ರತಾ ಮಾತುಕತೆಗೆ ಸಮಯ ಮೀರಿತು ಎಂಬ 792ನೇ ದೋಷ ಬರುತ್ತಿತ್ತು. ರೂಟರಿನ ಹೆಸರೂ ಅದರಲ್ಲಿ ಇರುತ್ತಿರಲಿಲ್ಲ.

ರೂಟರ್ ತಯಾರಕರು ತಮ್ಮದೇ ತೇಪೆ ಹಾಕಿದರು. ಸೆಟ್ಟಿಂಗ್ ಪುಟದಲ್ಲಿ `IPSec Passthrough` ಎಂಬ ಆಯ್ಕೆ ಇಂದಿಗೂ ಕಾಣುವುದು ಆ ಕಾಲದ ಪಳೆಯುಳಿಕೆ. ಒಳಗಿನ ಯಾವ ಕಂಪ್ಯೂಟರ್ ಆ ಸರ್ವರಿಗೆ ಇಎಸ್‌ಪಿ ಕಳಿಸಿತೋ ಅದಕ್ಕೇ ಉತ್ತರಗಳನ್ನೆಲ್ಲ ಕೊಡುವುದು ಅದರ ಸರಳ ಲೆಕ್ಕಾಚಾರ. ಮನೆಯಲ್ಲಿ ಒಬ್ಬರೇ ಇದ್ದರೆ ಸರಿ, ಇಬ್ಬರು ಅದೇ ಕಚೇರಿಗೆ ಸೇರಲು ಹೋದರೆ ಗೊಂದಲ. ಸಿಸ್ಕೊದಂಥ ಕಂಪನಿಗಳು ಇಎಸ್‌ಪಿಯನ್ನು ಯುಡಿಪಿಯೊಳಗೆ ಸುತ್ತಿ ಕಳಿಸುವ ತಮ್ಮದೇ ವಿಧಾನ ಮಾಡಿಕೊಂಡು, ತಮ್ಮದೇ ಕ್ಲೈಂಟ್ ತಂತ್ರಾಂಶ ಹಂಚಿದವು. ಹೀಗೆ ಬೇರೆಯವರ ಕ್ಲೈಂಟುಗಳು ಮನೆಯಿಂದ ಓಡುತ್ತಿದ್ದಾಗ ವಿಂಡೋಸ್‌ನೊಳಗಿನದು ನಿಂತಲ್ಲೇ ನಿಂತಿತ್ತು.

ದುರ್ಬಲ ಬಾಗಿಲೇ ತೆರೆದಿತ್ತು

ಇದರಿಂದ ಆದ ನಷ್ಟ ಬರೀ ಕಿರಿಕಿರಿಯದ್ದಲ್ಲ. ಅದೇ ವಿಂಡೋಸ್‌ನಲ್ಲಿ ಪಿಪಿಟಿಪಿ ಎಂಬ ಹಳೆಯ ವಿಪಿಎನ್ ಕೂಡ ಇತ್ತು. 1996ರ ವಿಂಡೋಸ್ ಎನ್‌ಟಿ 4ರ ಕಾಲದಿಂದ ಬಂದದ್ದು. ಅದಕ್ಕೂ ರೂಟರಿನ ಸಹಾಯ ಬೇಕಿತ್ತು, ಆದರೆ ಅದರ ಪೊಟ್ಟಣಗಳ ಹೊರಮೈಯಲ್ಲಿ ರೂಟರ್ ಓದಿ, ಬರೆದುಕೊಂಡು, ತಿದ್ದಬಹುದಾದ ಒಂದು ಕರೆಸಂಖ್ಯೆ ಇರುತ್ತಿತ್ತು. ಆದ್ದರಿಂದ ಮನೆಯ ರೂಟರುಗಳು ಅದನ್ನು ಬೇಗ ಕಲಿತವು. ಎಲ್‌ಟುಟಿಪಿ ಕೂಡಿಬರಲಿಲ್ಲ ಎಂದಾಗ ಆಡಳಿತಗಾರರ ಕೈಗೆ ಸುಲಭವಾಗಿ ಸಿಗುತ್ತಿದ್ದುದು ಪಿಪಿಟಿಪಿ.

ಅದರ ಬೀಗ ಸಡಿಲ ಎಂಬುದನ್ನು ಬ್ರೂಸ್ ಶ್ನೈಯರ್ ಮತ್ತು ಮಡ್ಜ್ ಎಂಬ ಹೆಸರಿನ ಸಂಶೋಧಕ 1998ರಲ್ಲೇ ತೋರಿಸಿದ್ದರು. ಮೈಕ್ರೋಸಾಫ್ಟ್ ಸುಧಾರಿತ ಆವೃತ್ತಿ ತಂದಿತು. 2012ರಲ್ಲಿ ಮಾಕ್ಸಿ ಮಾರ್ಲಿನ್‌ಸ್ಪೈಕ್ ಮತ್ತು ಡೇವಿಡ್ ಹಲ್ಟನ್ ಆ ಸುಧಾರಿತ ಬೀಗವನ್ನೂ ಒಂದೇ ಡಿಇಎಸ್ ಕೀಲಿ ಹುಡುಕುವಷ್ಟು ಕೆಲಸಕ್ಕೆ ಇಳಿಸಿ, ಅದಕ್ಕೆಂದೇ ಕಟ್ಟಿದ ಯಂತ್ರದಲ್ಲಿ ಒಂದು ದಿನದೊಳಗೆ ಒಡೆಯಬಹುದೆಂದು ತೋರಿಸಿದರು. ಭದ್ರವಾದದ್ದು ದಾಟದಿದ್ದರೆ ಜನ ದಾಟುವುದನ್ನೇ ಹಿಡಿಯುತ್ತಾರೆ. ನ್ಯಾಟ್ ದಾಟುವ ಸೌಲಭ್ಯ ಇಲ್ಲದ ಆ ವರ್ಷಗಳ ನಿಜವಾದ ಬೆಲೆ ಇದು ಎಂದು ನಮಗನ್ನಿಸುತ್ತದೆ.

ಲಕೋಟೆಯ ಮೇಲೊಂದು ಲಕೋಟೆ

ಪರಿಹಾರ ಕೇಳಲು ಸುಲಭ. ಪೋರ್ಟ್ ಇಲ್ಲದ ಇಎಸ್‌ಪಿ ಲಕೋಟೆಯನ್ನು ಪೋರ್ಟ್ ಇರುವ ಯುಡಿಪಿ ಲಕೋಟೆಯೊಳಗೆ ಹಾಕಿ ಕಳಿಸುವುದು. ಕಾವಲುಗಾರ ಹೊರಲಕೋಟೆಯ ಮೇಲೆ ಏನು ತಿದ್ದಿದರೂ ಒಳಗಿನ ಮೊಹರಿಗೆ ಧಕ್ಕೆಯಿಲ್ಲ. ಇದಕ್ಕೆ ನ್ಯಾಟ್-ಟಿ ಎಂದು ಹೆಸರಾಯಿತು. ಮೈಕ್ರೋಸಾಫ್ಟ್, ಫಿನ್ಲೆಂಡಿನ ಎಫ್-ಸೆಕ್ಯೂರ್, ಸಿಸ್ಕೊ, ನಾರ್ಟೆಲ್ ಮುಂತಾದ ಕಂಪನಿಗಳ ಎಂಜಿನಿಯರುಗಳು ಸೇರಿ ಕರಡಿನ ಮೇಲೆ ಕರಡು ಬರೆದರು. ಕೊನೆಗೆ 2005ರ ಜನವರಿಯಲ್ಲಿ ಆರ್‌ಎಫ್‌ಸಿ 3947 ಮತ್ತು 3948 ಪ್ರಕಟವಾದವು. ಅಂದರೆ ನ್ಯಾಟ್‌ನ ಮೊದಲ ದಾಖಲೆ ಬಂದು ಹತ್ತು ವರ್ಷ ಕಳೆದ ಮೇಲೆ.

ಅದರ ಕೆಲಸದ ರೀತಿಯನ್ನು ನಮ್ಮ ಉದಾಹರಣೆಯಲ್ಲೇ ನೋಡೋಣ. ಮೊದಲು ಎರಡೂ ಕಡೆಯವರು ತಮಗೆ ನ್ಯಾಟ್-ಟಿ ಗೊತ್ತು ಎಂಬ ಗುರುತು ವಿನಿಮಯ ಮಾಡಿಕೊಳ್ಳುತ್ತಾರೆ. ಆಮೇಲೆ ನಡುವೆ ನ್ಯಾಟ್ ಇದೆಯೇ ಎಂಬ ಪರೀಕ್ಷೆ. ಮನೆಯ ಕಂಪ್ಯೂಟರ್ ತನ್ನ ವಿಳಾಸ ಮತ್ತು ಪೋರ್ಟನ್ನು ಸೇರಿಸಿ ಹ್ಯಾಶ್ ಎಂಬ ಒಂದು ಬೆರಳಚ್ಚು ಮಾಡಿ ಕಳಿಸುತ್ತದೆ. ಅದರಲ್ಲಿರುವುದು 192.168.1.10. ಪೊಟ್ಟಣ ಬಂದದ್ದು 203.0.113.7ರಿಂದ ಎಂದು ಸರ್ವರಿಗೆ ಕಾಣುತ್ತದೆ. ಅದೂ ತನಗೆ ಕಂಡ ವಿಳಾಸದ ಬೆರಳಚ್ಚು ತೆಗೆದು ಹೋಲಿಸುತ್ತದೆ. ಎರಡೂ ತಾಳೆಯಾಗದಿದ್ದರೆ ಕ್ಲೈಂಟ್ ನ್ಯಾಟ್ ಹಿಂದಿದೆ ಎಂದರ್ಥ. ಸರ್ವರಿನ ವಿಳಾಸದ ಬೆರಳಚ್ಚನ್ನೂ ಇದೇ ರೀತಿ ಹೋಲಿಸಿ, ಸರ್ವರ್ ನ್ಯಾಟ್ ಹಿಂದಿದೆಯೇ ಎಂದೂ ತಿಳಿಯುತ್ತಾರೆ. ಈ ಎರಡನೇ ಹೋಲಿಕೆಯನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ನ್ಯಾಟ್ ಇದೆ ಎಂದು ಗೊತ್ತಾದ ಕೂಡಲೇ ಮಾತುಕತೆ ಪೋರ್ಟ್ 500 ಬಿಟ್ಟು 4500ಕ್ಕೆ ಹೋಗುತ್ತದೆ. ಹೀಗೇಕೆ? ಹಳೆಯ ರೂಟರುಗಳ ತೇಪೆಗಳು ಪೋರ್ಟ್ 500 ಕಂಡರೆ ತಾವೇ ಬುದ್ಧಿ ಉಪಯೋಗಿಸಲು ಹೋಗಿ ಕೆಡಿಸುತ್ತಿದ್ದವು. ಅವುಗಳ ಕಣ್ಣು ತಪ್ಪಿಸಲು ಹೊಸ ಪೋರ್ಟ್ ಬೇಕಾಯಿತು. ಇಷ್ಟಾದ ಮೇಲೆ ಇಎಸ್‌ಪಿ ಪೊಟ್ಟಣಗಳೂ 4500ರ ಯುಡಿಪಿ ಲಕೋಟೆಯಲ್ಲೇ ಹೋಗುತ್ತವೆ. ಚೆಕ್‌ಸಮ್ ಸರಿಪಡಿಸಲು ಮೂಲ ವಿಳಾಸವನ್ನೂ ಬೀಗದೊಳಗೆ ತಿಳಿಸಲಾಗುತ್ತದೆ. ಸುಮ್ಮನಿದ್ದರೆ ಕಾವಲುಗಾರ ತನ್ನ ಪುಸ್ತಕದ ಸಾಲು ಅಳಿಸಿಬಿಡುತ್ತಾನೆಂದು ಸಾಮಾನ್ಯವಾಗಿ 20 ಸೆಕೆಂಡಿಗೊಮ್ಮೆ ಒಂದೇ ಬೈಟಿನ ಪೊಟ್ಟಣ ಕಳಿಸುತ್ತಾರೆ. ನಾನಿನ್ನೂ ಇದ್ದೇನೆ ಎಂಬ ಸೂಚನೆ ಅಷ್ಟೇ.

ಅಂತಿಮ ದಾಖಲೆಗೆ ಕಾಯದೆ ಮೈಕ್ರೋಸಾಫ್ಟ್ ಕರಡಿನ ಆಧಾರದ ಮೇಲೆಯೇ 2003ರ ವಿಂಡೋಸ್ ಸರ್ವರಿನಲ್ಲಿ ನ್ಯಾಟ್-ಟಿ ಸೇರಿಸಿತು. ಅದೇ ವರ್ಷದ ಮೇ ತಿಂಗಳಲ್ಲಿ ವಿಂಡೋಸ್ 2000 ಮತ್ತು ಎಕ್ಸ್‌ಪಿಗೆ 818043 ಎಂಬ ಅಪ್‌ಡೇಟ್ ಕೊಟ್ಟಿತು. ಅದು ಕೆಲವು ಕಂಪ್ಯೂಟರುಗಳ ಇಂಟರ್ನೆಟ್ಟನ್ನೇ ನಿಲ್ಲಿಸಿದ್ದರಿಂದ ಹಿಂದಕ್ಕೆ ಪಡೆದು ಮತ್ತೆ ಕೊಡಬೇಕಾಯಿತು. ಆದರೂ ಅಪ್‌ಡೇಟ್ ಹಾಕಿಕೊಂಡ ಕ್ಲೈಂಟ್ ಮನೆಯ ರೂಟರಿನ ಹಿಂದಿನಿಂದ, ನ್ಯಾಟ್-ಟಿ ಗೊತ್ತಿರುವ ಸರ್ವರಿಗೆ ಸೇರತೊಡಗಿತು. ಕಥೆ ಇಲ್ಲಿಗೇ ಮುಗಿಯಬಹುದಿತ್ತು.

2004ರ ಬೀಗ

2004ರ ಆಗಸ್ಟಿನಲ್ಲಿ ಎಕ್ಸ್‌ಪಿಯ ಎರಡನೇ ಸರ್ವಿಸ್ ಪ್ಯಾಕ್ ಬಂತು. ಭದ್ರತೆಯನ್ನು ಬಿಗಿಗೊಳಿಸುವುದೇ ಅದರ ಉದ್ದೇಶವಾಗಿತ್ತು. ಅದರಲ್ಲಿ ಒಂದು ಸಣ್ಣ ಬದಲಾವಣೆ: ಸರ್ವರ್ ಕೂಡ ನ್ಯಾಟ್ ಹಿಂದಿದ್ದರೆ ವಿಂಡೋಸ್ ಕ್ಲೈಂಟ್ ಇನ್ನು ಮುಂದೆ ಸಂಪರ್ಕ ಕೂಡಿಸುವುದಿಲ್ಲ. ಮೇಲೆ ಹೇಳಿದ ಎರಡನೇ ಹೋಲಿಕೆ ಸರ್ವರ್ ನ್ಯಾಟ್ ಹಿಂದಿದೆ ಎಂದು ತೋರಿಸಿದರೆ ಕ್ಲೈಂಟ್ ತಾನಾಗಿಯೇ ಹಿಂದೆ ಸರಿಯುತ್ತದೆ. ಅಲ್ಲಿಯತನಕ ಓಡುತ್ತಿದ್ದ ಸಂಪರ್ಕಗಳು ಸರ್ವಿಸ್ ಪ್ಯಾಕ್ ಹಾಕಿದ ಮೇಲೆ ನಿಂತವು.

ಹೀಗೇಕೆ ಮಾಡಿದರು? ಮೈಕ್ರೋಸಾಫ್ಟ್ ಕಾರಣವನ್ನೂ ಕೊಟ್ಟಿತ್ತು. ಮತ್ತೆ ವಠಾರಕ್ಕೆ ಬರೋಣ, ಈ ಸಲ ಕಚೇರಿಯ ವಠಾರ. ಒಳಗೊಂದು ವಿಪಿಎನ್ ಸರ್ವರ್ ಇದೆ. ಪೋರ್ಟ್ 500 ಮತ್ತು 4500ಕ್ಕೆ ಬರುವುದನ್ನೆಲ್ಲ ಅದಕ್ಕೇ ಕೊಡು ಎಂದು ಕಾವಲುಗಾರನಿಗೆ ಹೇಳಿಟ್ಟಿದ್ದಾರೆ. ಅದೇ ವಠಾರದ ಇನ್ನೊಂದು ಕಂಪ್ಯೂಟರ್ ಹೊರಗಿನ ಒಬ್ಬರ ಜೊತೆ ತಾನೇ ಐಪಿಸೆಕ್ ಸಂಪರ್ಕ ಮಾಡಿಕೊಂಡಿದೆ. ಯಾವುದೋ ಕಾರಣಕ್ಕೆ ಅದು ಮುರಿದು, ಹೊರಗಿನವರು ಮತ್ತೆ ಕೂಡಿಸಲು ಹೊರಟರೆ? ವಠಾರಕ್ಕಿರುವುದು ಒಂದೇ ವಿಳಾಸ. ಕಾವಲುಗಾರ ಅಪ್ಪಣೆಯ ಪ್ರಕಾರ ಕಾಗದವನ್ನು ಸರ್ವರಿಗೆ ಕೊಡುತ್ತಾನೆ. ಹೊರಗಿನವರು ಮೊದಲು ಮಾತಾಡುತ್ತಿದ್ದವರು ಒಬ್ಬರು, ಈಗ ಮಾತು ತಲುಪಿದ್ದು ಇನ್ನೊಬ್ಬರಿಗೆ. ಇದು ಅಪರೂಪದ ಸಂದರ್ಭ, ಆದರೆ ಭದ್ರತೆಯ ದೃಷ್ಟಿಯಿಂದ ಸರಿಯಲ್ಲ. ಸರ್ವರಿಗೆ ಸಾರ್ವಜನಿಕ ವಿಳಾಸವನ್ನೇ ಕೊಡಿ ಎಂಬುದು ಮೈಕ್ರೋಸಾಫ್ಟಿನ ಸಲಹೆಯಾಗಿತ್ತು.

ಆ ಕಾಲಕ್ಕೆ ಸಲಹೆಯಲ್ಲಿ ತಪ್ಪು ಹುಡುಕುವುದು ಕಷ್ಟ. ಆದರೆ ಜಗತ್ತು ಇನ್ನೊಂದು ಕಡೆ ಹೊರಟಿತ್ತು. ಸಣ್ಣ ಕಚೇರಿಗಳು ಸರ್ವರನ್ನು ಅಗ್ಗದ ರೂಟರಿನ ಹಿಂದೆಯೇ ಇಟ್ಟವು. 2006ರಲ್ಲಿ ಆರಂಭವಾದ ಅಮೆಜಾನಿನ ಇಸಿ2 ಸೇವೆಯಲ್ಲಿ ಬಾಡಿಗೆ ಕಂಪ್ಯೂಟರಿಗೆ ಇರುವುದು ಒಳವಿಳಾಸ, ಸಾರ್ವಜನಿಕ ವಿಳಾಸವನ್ನು ನ್ಯಾಟ್ ಮೂಲಕವೇ ಅದಕ್ಕೆ ಜೋಡಿಸುತ್ತಾರೆ. ಕ್ಲೌಡಿನಲ್ಲಿಟ್ಟ ವಿಪಿಎನ್ ಸರ್ವರ್ ಎಂದರೆ ಬಹುಮಟ್ಟಿಗೆ ನ್ಯಾಟ್ ಹಿಂದಿನ ಸರ್ವರ್ ಎಂದೇ ಅರ್ಥವಾಯಿತು. ಅಪರೂಪದ ಅಪಾಯಕ್ಕೆಂದು ಹಾಕಿದ ಬೀಗ ದಿನನಿತ್ಯದ ದಾರಿಗೇ ಅಡ್ಡವಾಯಿತು. ವಿಸ್ತಾ, ಏಳು, ಹತ್ತು, ಹನ್ನೊಂದು ಎಂದು ವಿಂಡೋಸ್ ಬದಲಾದರೂ ಎಲ್‌ಟುಟಿಪಿಗೆ ಈ ಪೂರ್ವನಿಯೋಜಿತ ಆಯ್ಕೆ ಬದಲಾಗಲಿಲ್ಲ. 2020ರ ಲಾಕ್‌ಡೌನಿನಲ್ಲಿ ಬೆಂಗಳೂರು ಬಿಟ್ಟು ಊರಿಗೆ ಬಂದು ಲ್ಯಾಪ್‌ಟಾಪ್ ತೆರೆದವರಿಗೆ 809 ಕಂಡಿದ್ದರೆ, ಅದರ ಹಿಂದೆ ಊರಿನ ನೆಟ್‌ವರ್ಕಿನ ದೋಷವೇ ಇರಬೇಕೆಂದಿರಲಿಲ್ಲ.

ಬೀಗ ತೆಗೆಯುವ ಕೀಲಿ ವಿಂಡೋಸ್ ರಿಜಿಸ್ಟ್ರಿಯಲ್ಲಿದೆ. ವಿಸ್ತಾ ನಂತರದ ವಿಂಡೋಸ್‌ಗಳಲ್ಲಿ ಆಡಳಿತಗಾರನ ಅಧಿಕಾರದಿಂದ ಈ ಆಜ್ಞೆ ಕೊಟ್ಟು ಕಂಪ್ಯೂಟರನ್ನು ಮರಳಿ ಆರಂಭಿಸಬೇಕು:

```
reg add HKLM\SYSTEM\CurrentControlSet\Services\PolicyAgent /v AssumeUDPEncapsulationContextOnSendRule /t REG_DWORD /d 2 /f
```

ಬೆಲೆ 0 ಇದ್ದರೆ ನ್ಯಾಟ್ ಹಿಂದಿನ ಸರ್ವರಿಗೆ ಸೇರುವುದಿಲ್ಲ, ಮೊದಲಿನಿಂದ ಇರುವುದು ಅದೇ. 1 ಎಂದರೆ ಸರ್ವರ್ ಮಾತ್ರ ನ್ಯಾಟ್ ಹಿಂದಿದ್ದಾಗ. 2 ಎಂದರೆ ಎರಡೂ ಕಡೆ ನ್ಯಾಟ್ ಇದ್ದಾಗಲೂ ಸೇರುತ್ತದೆ. ಮನೆಯಿಂದ ಕೆಲಸ ಮಾಡುವವರಿಗೆ ಬೇಕಾಗುವುದು 2. ಎಕ್ಸ್‌ಪಿಯಲ್ಲಿ ಇದೇ ಹೆಸರು `IPSec` ಎಂಬ ಶಾಖೆಯಡಿ ಇತ್ತು.

ಯಾವ ತೊಂದರೆ ಎಂದು ಗುರುತಿಸುವುದು

809 ಬಂತೆಂದರೆ ಕಾರಣ ಈ ಬೀಗವೇ ಎನ್ನುವಂತಿಲ್ಲ. ವೈರ್‌ಶಾರ್ಕ್ ಎಂಬ ಉಚಿತ ತಂತ್ರಾಂಶದಲ್ಲಿ ಈ ಸೋಸುಗ ಹಾಕಿ ನೋಡಿದರೆ ದಾರಿ ತಿಳಿಯುತ್ತದೆ:

```
udp.port == 500 || udp.port == 4500 || ip.proto == 50
```

ಪೋರ್ಟ್ 500ಕ್ಕೆ ಪೊಟ್ಟಣಗಳು ಹೋಗುತ್ತಿದ್ದು ಒಂದಕ್ಕೂ ಉತ್ತರ ಇಲ್ಲದಿದ್ದರೆ, ನಡುವೆ ಯಾರೋ ತಡೆದಿದ್ದಾರೆ ಅಥವಾ ಸರ್ವರ್ ಕಡೆಯ ರೂಟರಿನಲ್ಲಿ ಪೋರ್ಟ್ ತೆರೆದಿಲ್ಲ. ಅಲ್ಲಿ ರಿಜಿಸ್ಟ್ರಿ ಬದಲಿಸಿ ಪ್ರಯೋಜನವಿಲ್ಲ. 500ರಲ್ಲಿ ಉತ್ತರ ಬಂದು, 4500ರ ಸುದ್ದಿಯೇ ಇಲ್ಲದೆ ಕ್ರಮಾಂಕ 50ರ ಪೊಟ್ಟಣಗಳು ಮಾತ್ರ ಹೊರಡುತ್ತಿದ್ದರೆ ಅದು ಹಳೆಯ ಕಾಯಿಲೆ, ಎರಡರಲ್ಲೊಂದು ಕಡೆಗೆ ನ್ಯಾಟ್-ಟಿ ಗೊತ್ತಿಲ್ಲ. 500ರಲ್ಲಿ ಮಾತು ಚೆನ್ನಾಗಿ ಆರಂಭವಾಗಿ, ಸರ್ವರ್ ಕ್ಲೌಡಿನಲ್ಲೋ ರೂಟರಿನ ಹಿಂದೆಯೋ ಇದ್ದು, ಸಂಪರ್ಕ ಮುಂದುವರಿಯದಿದ್ದರೆ ಮೊದಲು ಅನುಮಾನಿಸಬೇಕಾದದ್ದು 2004ರ ಬೀಗವನ್ನು.

ಅನೇಕರು ರೂಟರಿನಲ್ಲಿ 1701ನೇ ಪೋರ್ಟನ್ನೂ ತೆರೆಯುತ್ತಾರೆ. ಎಲ್‌ಟುಟಿಪಿಯ ಪೋರ್ಟ್ ಅದೇ ನಿಜ. ಆದರೆ ಇಲ್ಲಿ ಅದು ಐಪಿಸೆಕ್‌ನ ಬೀಗದ ಒಳಗೆ ಪ್ರಯಾಣ ಮಾಡುವುದರಿಂದ ರೂಟರಿನ ಕಣ್ಣಿಗೆ ಬೀಳುವುದೇ ಇಲ್ಲ. ಸರ್ವರ್ ಕಡೆ ಬೇಕಾಗುವುದು ಯುಡಿಪಿ 500 ಮತ್ತು 4500 ಮಾತ್ರ. 1701ನ್ನು ಹೊರಗೆ ತೆರೆದಿಟ್ಟರೆ ಬೀಗವಿಲ್ಲದ ಎಲ್‌ಟುಟಿಪಿಗೆ ದಾರಿ ಕೊಟ್ಟಂತಾಗುತ್ತದೆ.

ಎಲ್ಲ ಸರಿಮಾಡಿದರೂ ಉಳಿಯುವ ಒಂದು ಮಿತಿಯಿದೆ. ಒಂದೇ ಮನೆಯಿಂದ ಇಬ್ಬರು ಒಂದೇ ಕಚೇರಿಗೆ ಸೇರುವ ಸಂದರ್ಭ. ಕಾವಲುಗಾರ ಹೊರಲಕೋಟೆಗಳನ್ನು ಬೇರೆ ಬೇರೆಯಾಗಿ ಗುರುತಿಸುತ್ತಾನೆ. ಆದರೆ ಒಳಗೆ ಇಬ್ಬರೂ 1701ರಿಂದ 1701ಕ್ಕೇ ಮಾತಾಡುತ್ತಾರೆ, ಸರ್ವರಿನ ಲೆಕ್ಕದಲ್ಲಿ ಇಬ್ಬರದೂ 203.0.113.7 ಎಂಬ ಒಂದೇ ವಿಳಾಸ. ಇದಕ್ಕೆ ತಯಾರಿಲ್ಲದ ಸರ್ವರುಗಳು ಇಬ್ಬರನ್ನೂ ಒಬ್ಬರೇ ಎಂದುಕೊಳ್ಳುತ್ತವೆ. ಅಕ್ಕ ಸೇರಿದ ಕೂಡಲೇ ತಮ್ಮನ ಸಂಪರ್ಕ ಬಿದ್ದುಹೋಗುತ್ತಿದ್ದರೆ ಕಾರಣ ಇದಿರಬಹುದು. ಆರ್‌ಎಫ್‌ಸಿ 3948 ಈ ಗೊಂದಲವನ್ನು ಮೊದಲೇ ದಾಖಲಿಸಿದೆ.

ಬಾಗಿಲು ಬದಲಾದ ಮೇಲೆ

ಮುಂದಿನ ಪೀಳಿಗೆಯವರು ಪಾಠ ಕಲಿತರು. 2005ರ ಡಿಸೆಂಬರಿನಲ್ಲಿ ಬಂದ ಐಕೆಇವಿ2 ಎಂಬ ಹೊಸ ಒಪ್ಪಂದದಲ್ಲಿ ನ್ಯಾಟ್ ಪತ್ತೆಹಚ್ಚುವ ಪರೀಕ್ಷೆ ಮೂಲ ದಾಖಲೆಯಲ್ಲೇ ಸೇರಿತು. ಆಮೇಲೆ ಅಂಟಿಸಿದ ತೇಪೆಯಾಗಿ ಉಳಿಯಲಿಲ್ಲ. 2009ರ ವಿಂಡೋಸ್ 7ರಲ್ಲಿ ಅದು ಒಳಗೇ ಬಂತು. ಅದಕ್ಕೂ ಮೊದಲು, 2008ರಲ್ಲಿ, ವಿಸ್ತಾದ ಮೊದಲ ಸರ್ವಿಸ್ ಪ್ಯಾಕಿನೊಂದಿಗೆ ಮೈಕ್ರೋಸಾಫ್ಟ್ ಎಸ್‌ಎಸ್‌ಟಿಪಿ ಎಂಬ ಇನ್ನೊಂದು ವಿಪಿಎನ್ ಕೊಟ್ಟಿತು. ಅದು ವೆಬ್‌ಸೈಟುಗಳು ಬಳಸುವ 443ನೇ ಪೋರ್ಟಿನಲ್ಲೇ ಹೋಗುವುದರಿಂದ ಯಾವ ಕಾವಲುಗಾರನೂ ಅನುಮಾನಿಸುವುದಿಲ್ಲ.

2024ರ ಅಕ್ಟೋಬರಿನಲ್ಲಿ ಮೈಕ್ರೋಸಾಫ್ಟ್ ಪಿಪಿಟಿಪಿ ಮತ್ತು ಎಲ್‌ಟುಟಿಪಿ ಎರಡನ್ನೂ ಮುಂದಿನ ವಿಂಡೋಸ್ ಸರ್ವರುಗಳಿಂದ ಕೈಬಿಡುವ ಹಾದಿಯಲ್ಲಿದ್ದೇವೆ ಎಂದು ಪ್ರಕಟಿಸಿ, ಐಕೆಇವಿ2 ಮತ್ತು ಎಸ್‌ಎಸ್‌ಟಿಪಿ ಬಳಸಲು ಹೇಳಿತು. ದುರ್ಬಲವಾದದ್ದೂ, ಅದರ ಜಾಗಕ್ಕೆ ಬರಬೇಕಿದ್ದದ್ದೂ ಒಂದೇ ಪ್ರಕಟಣೆಯಲ್ಲಿ ನಿವೃತ್ತಿಯ ದಾರಿ ಹಿಡಿದವು. ಕಚೇರಿಯ ಸರ್ವರ್ ನಿಮ್ಮ ಕೈಯಲ್ಲಿದ್ದರೆ ಈಗ ಮಾಡಬೇಕಾದದ್ದು ಐಕೆಇವಿ2ಗೆ ಹೋಗುವುದು. ಇಲ್ಲದಿದ್ದರೆ, ಹಳೆಯ ಸರ್ವರ್ ಇರುವ ತನಕ, ರಿಜಿಸ್ಟ್ರಿಯ ಆ 0ಯನ್ನು 2 ಮಾಡಿಕೊಳ್ಳುವುದೇ ದಾರಿ.